ಊರು ಬಿಡೋಕಾಗಲ್ಲ ಅಂತ ರಿಕ್ರೂಟರ್‌ಗೆ ಹೇಳೋದು

"ಅಣ್ಣಾ, ಬಳ್ಳಾರಿಯಿಂದ ಬರೀತಿದ್ದೀನಿ. ಜರ್ಮನಿ ಕಂಪನಿಯ ರಿಕ್ರೂಟರ್ ಮೆಸೇಜ್ ಮಾಡಿದ್ದಾರೆ, ಸ್ಟಟ್‌ಗಾರ್ಟ್‌ಗೆ ಬರಬೇಕಂತೆ. ಅವ್ವನಿಗೆ ಸೋಮ, ಬುಧ, ಶುಕ್ರ ಬೆಳಿಗ್ಗೆ ಡಯಾಲಿಸಿಸ್. ಊರು ಬಿಡೋಕಾಗಲ್ಲ, ಕೆಲಸಾನೂ ಬೇಕು. ನೀವು ಅಲ್ಲೇ ಇದ್ದೀರಲ್ಲ, ಹೇಗೆ ಹೇಳಲಿ?"

ತಮ್ಮಾ, ಮೊದಲ ಉತ್ತರದಲ್ಲೇ ಹೇಳಿಬಿಡು. ಇಲ್ಲಿಗೆ ಬಂದ ಮೇಲೆ ನನಗೂ ಬೇರೆ ಊರಿನ ಕೆಲಸವೊಂದು ಬಂದಿತ್ತು. ಮಕ್ಕಳ ಶಾಲೆ ಬಿಡಿಸೋಕೆ ಮನಸ್ಸಿರಲಿಲ್ಲ. ಆದರೂ "ಸದ್ಯಕ್ಕೆ ಕಷ್ಟ, ನೋಡೋಣ" ಅಂದೆ. ಅವರು ಅದನ್ನ "ಬರ್ತೀನಿ" ಅಂತಲೇ ತಿಳಿದರು. ನಾಲ್ಕು ಸುತ್ತು ಇಂಟರ್ವ್ಯೂ ಆದ ಮೇಲೆ "ಬರೋಕಾಗಲ್ಲ" ಅಂದಾಗ ಮಾತು ಅಲ್ಲಿಗೇ ನಿಂತಿತು. ಆ ರಿಕ್ರೂಟರ್ ಮತ್ತೆ ಫೋನ್ ಮಾಡಲೇ ಇಲ್ಲ.

ನೀನು ಹೀಗೆ ಬರಿ: "ಈ ಕೆಲಸ ನನಗೆ ಇಷ್ಟ. ಮನೆಯ ಜವಾಬ್ದಾರಿ ಇರೋದರಿಂದ ಬಳ್ಳಾರಿ ಬಿಟ್ಟು ಬರೋಕಾಗಲ್ಲ. ಭಾರತದಲ್ಲೇ ಕೂತು ರಿಮೋಟ್ ಆಗಿ ಕೆಲಸ ಮಾಡಬಲ್ಲೆ. ಬೆಂಗಳೂರಲ್ಲಿ ನಿಮ್ಮ ಆಫೀಸ್ ಇದ್ದರೆ ತಿಂಗಳಿಗೆ ಎರಡು ದಿನ ಬರ್ತೀನಿ. ಇದಕ್ಕೆ ಅವಕಾಶ ಇದೆಯಾ?" ಅವ್ವನ ಕಾಯಿಲೆ ವಿವರ ಬರೆಯೋದು ಬೇಡ.

"ಭಾರತದಲ್ಲೇ ಕೂತು" ಅನ್ನೋದನ್ನ ಮಾತ್ರ ಬಿಡಬೇಡ. ಇಲ್ಲಿನ ಜಾಹೀರಾತಿನಲ್ಲಿ ರಿಮೋಟ್ ಅಂದರೆ ಜಾಸ್ತಿ ಸಲ ಜರ್ಮನಿಯೊಳಗೇ ಮನೆಯಿಂದ ಅಂತ ಅರ್ಥ. ದೇಶದ ಗಡಿ ದಾಟಿದರೆ ತೆರಿಗೆ, ಸಂಬಳ, ಪಿಎಫ್ ಎಲ್ಲಾ ಭಾರತದ ಕಾನೂನಿಗೆ ಬರುತ್ತೆ. ಎಷ್ಟೋ ಕಂಪನಿಗಳು ಹಿಂದೆ ಸರಿಯೋದು ಇದಕ್ಕೇ. ಹಾಗಾಗಿ ಮುಂದಿನ ಪ್ರಶ್ನೆ: ನನ್ನನ್ನ ಯಾರ ಮೂಲಕ ತಗೋತೀರಿ? ಅವರದೇ ಭಾರತದ ಶಾಖೆ ಇದ್ದರೆ ಸುಲಭ. ಇಲ್ಲದಿದ್ದರೆ ಎಂಪ್ಲಾಯರ್ ಆಫ್ ರೆಕಾರ್ಡ್ ಅಂತ ಮಧ್ಯದ ಸಂಸ್ಥೆ ಇರುತ್ತೆ. ಕಾಗದದ ಮೇಲೆ ನೀನು ಅದರ ನೌಕರ, ಸಂಬಳ ರೂಪಾಯಿಯಲ್ಲಿ ಬರುತ್ತೆ. "ಕಾಂಟ್ರ್ಯಾಕ್ಟರ್ ಆಗಿ ಬಿಲ್ ಹಾಕಿ" ಅಂದರೆ ಹುಷಾರು. ಪಿಎಫ್ ಇಲ್ಲ, ಸಂಬಳದ ರಜೆ ಇಲ್ಲ, ತೆರಿಗೆ ನೀನೇ ಕಟ್ಟಬೇಕು. ಹಾಗಿದ್ದರೆ ಆ ಖರ್ಚೆಲ್ಲಾ ಸೇರಿಸಿಯೇ ದುಡ್ಡು ಕೇಳು.

ಹೈಬ್ರಿಡ್, ಅಂದರೆ ಕೆಲವು ದಿನ ಆಫೀಸಿಗೂ ಬರ್ತೀನಿ ಅಂದಾಗ, ಯಾವ ದಿನ ಅನ್ನೋದನ್ನೂ ಲೆಕ್ಕ ಹಾಕಿ ಹೇಳು. ಸೋಮವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಮಂಗಳವಾರ ಬೆಂಗಳೂರು. ಅವತ್ತೇ ರಾತ್ರಿ ಹೊರಟರೆ ಬುಧವಾರ ಬೆಳಿಗ್ಗೆ ಅವ್ವನ ಹತ್ತಿರ ಇರ್ತೀಯ. ರೈಲು ತಡವಾದೀತು, ಬುಧವಾರ ಬೆಳಿಗ್ಗೆಗೆ ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿಡು. ಎರಡು ದಿನ ಒಟ್ಟಿಗೆ ಕೇಳಿದರೆ ಮಾತ್ರ ಆಗಲ್ಲ ಅನ್ನು. ಒಂದೊಂದೇ ದಿನ ಅಂತ ಆಫರ್ ಲೆಟರ್‌ನಲ್ಲೇ ಬರೆಸಿಕೋ. ಬಾಯಿಮಾತು ಮ್ಯಾನೇಜರ್ ಬದಲಾದರೆ ನಿಲ್ಲಲ್ಲ.

ವೇಳೆ ನಿನಗೆ ಅನುಕೂಲವಾಗೇ ಇದೆ. ಇಲ್ಲಿನ ಬೆಳಿಗ್ಗೆ 9 ಗಂಟೆ ಅಂದರೆ ಬೇಸಿಗೆಯಲ್ಲಿ ನಿನಗೆ ಮಧ್ಯಾಹ್ನ 12:30. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಹಿಂದೆ ಹಾಕ್ತಾರೆ, ಆಮೇಲೆ 1:30. ಬೆಳಿಗ್ಗೆ ಡಯಾಲಿಸಿಸ್ ಮುಗಿಸಿ, ಅವ್ವನಿಗೆ ಊಟ ಕೊಟ್ಟು ಕೆಲಸಕ್ಕೆ ಕೂರಬಹುದು. ಚಳಿಗಾಲದಲ್ಲಿ ಕೆಲಸ ಮುಗಿಯೋಕೆ ರಾತ್ರಿ 10 ಆಗುತ್ತೆ, ಅದನ್ನ ಮನೆಯಲ್ಲಿ ಈಗಲೇ ಹೇಳಿಡು.