ಗ್ರಹಣ ನೋಡಿದ್ದಕ್ಕೆ ಮಗನಿಗೆ ಹಿಂಗಾಯ್ತಾ?

(ಗುರುತು ಸಿಗದ ಹಾಗೆ ಊರು, ವಯಸ್ಸು, ಕೆಲವು ವಿವರ ಬದಲಾಯಿಸಿದೀನಿ.)

ಮೂಡಿಗೆರೆ ಕಡೆಯ ಒಬ್ಬ ತಾಯಿ ಸಲಹೆ ಕೇಳೋಕೆ ಮಗನ್ನ ನನ್ನ ಹತ್ರ ಕರ್ಕೊಂಡು ಬಂದ್ರು. ಹುಡುಗನಿಗೆ 22, ಐಟಿಐ ಮುಗಿಸಿದಾನೆ, ರೈಲು ಓಡಿಸೋ ಕೆಲಸಕ್ಕೆ ಪರೀಕ್ಷೆ ಪಾಸಾಗಿ ಮೆಡಿಕಲ್‌ನಲ್ಲಿ ಬಣ್ಣದ ಚುಕ್ಕಿಗಳೊಳಗಿನ ನಂಬರ್ ಓದಕ್ಕಾಗ್ದೆ ವಾಪಸ್ ಬಂದಿದ್ದ. ಹಾಸನದ ಕಣ್ಣಿನ ಡಾಕ್ಟರು ನೋಡಿ ಕೆಂಪು-ಹಸಿರು ಬಣ್ಣಗುರುಡು ಅಂದಿದ್ರು. ಅವನು ಮಾತೇ ಬಿಟ್ಟಿದ್ದ. ಆದ್ರೆ ಅವನಿಗಿಂತ ತಾಯಿ ಕುಗ್ಗಿ ಹೋಗಿದ್ರು, ಯಾಕಂದ್ರೆ ಮನೇಲಿ ಅತ್ತೆ ದಿನಾ ಅದೇ ಮಾತು, "ಬಸುರಿ ಇದ್ದಾಗ ಗ್ರಹಣ ನೋಡಿದ್ಲು, ಅದ್ರ ಫಲ."

ನಮ್ಮ ಹಿತ್ತಲಿಂದ ಹಣ್ಣು, ಕಾಯಿ ಎರಡೂ ಇದ್ದ ಒಂದು ಕಾಫಿ ರೆಂಬೆ ಮುರ್ಕೊಂಡು ಬಂದು ಟೇಬಲ್ ಮೇಲಿಟ್ಟು, ಹಣ್ಣು ಮಾತ್ರ ಬಿಡಿಸು ಅಂದೆ. ಅವನು ಕಣ್ಣಲ್ಲಿ ಹುಡುಕ್ಲೇ ಇಲ್ಲ, ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿ ಮೆತ್ತಗಿದ್ದಿದ್ದನ್ನ ಕಿತ್ತ. ಎಲೆ ಹಿಂದೆ ಅರ್ಧ ಕಾಣ್ತಿದ್ದ ಎರಡು ಕೆಂಪು ಹಣ್ಣು ಹಂಗೇ ಉಳ್ಕೊಂಡ್ವು, ತಾಯಿಗೆ ಅವು ಬಾಗಿಲಿಂದಲೇ ಕಾಣ್ತಿದ್ವು.

ಅವನಿಗೆ ನಾನು ಹೇಳಿದ್ದು ಇಷ್ಟು. ಕಣ್ಣಿನ ಪರದೆಲಿ ಬಣ್ಣಕ್ಕೆ ಅಂತ ಮೂರು ಥರದ ಕೋನ್ ಕೋಶ ಇರ್ತವೆ, ಒಂದಕ್ಕೆ ಉದ್ದ ಅಲೆಯ ಬೆಳಕು ಹೆಚ್ಚು ಹಿಡಿಸುತ್ತೆ, ಒಂದಕ್ಕೆ ಮಧ್ಯಮ, ಇನ್ನೊಂದಕ್ಕೆ ಗಿಡ್ಡ ಅಲೆಯ ನೀಲಿ. ಆದ್ರೆ ಒಂದೇ ಕೋನ್‌ಗೆ ಬಣ್ಣ ಗೊತ್ತಾಗಲ್ಲ, ಎಷ್ಟು ಬೆಳಕು ಸಿಕ್ತು ಅನ್ನೋದಷ್ಟೇ ಅದು ಹೇಳೋದು, ಜೋರು ಕೆಂಪೋ ಮಂಕು ಹಸಿರೋ ಅನ್ನೋದು ಅದ್ರ ಲೆಕ್ಕಕ್ಕೆ ಬರಲ್ಲ. ಬಣ್ಣ ಹುಟ್ಟೋದು ಹೋಲಿಕೆಯಿಂದ. ಕಣ್ಣಿನೊಳಗೇ ಇರೋ ನರಕೋಶಗಳು ಉದ್ದ ಅಲೆಯ ಕೋನ್ ಹೇಳಿದ್ದರಲ್ಲಿ ಮಧ್ಯಮದ್ದನ್ನ ಕಳೀತವೆ, ಉಳಿದಿದ್ದು ಒಂದು ಕಡೆ ವಾಲಿದ್ರೆ ಕೆಂಪಿನ ಕಡೆ, ಇನ್ನೊಂದು ಕಡೆ ವಾಲಿದ್ರೆ ಹಸಿರಿನ ಕಡೆ. ಇನ್ನೊಂದು ಸಾಲು ನೀಲಿಯನ್ನ ಮಿಕ್ಕ ಎರಡರ ಜೊತೆ ಹೋಲಿಸುತ್ತೆ, ಅದು ನೀಲಿ-ಹಳದಿ. ಈ ಲೆಕ್ಕ ತಲೆಯ ಹಿಂಭಾಗದ ಮಿದುಳಿನ ಪದರಕ್ಕೆ ಹೋದ್ಮೇಲೆ ಅಲ್ಲಿ ಕೆಲವು ಕೋಶಗಳು ಮತ್ತೊಂದು ಹೋಲಿಕೆ ಮಾಡ್ತವೆ, ಇಲ್ಲಿ ಕೆಂಪು ಪಕ್ಕದಲ್ಲಿ ಹಸಿರು ಇದ್ದಾಗ ಜೋರಾಗಿ ಎಚ್ಚರ ಆಗ್ತವೆ. ಎಲೆ ನಡುವಿನ ಹಣ್ಣು ತಾಯಿಗೆ ಎದ್ದು ಕಂಡಿದ್ದು ಹಂಗೆ.

ನಿನ್ನ ಮಿದುಳಿಗೆ ಏನೂ ಆಗಿಲ್ಲ ಕಣಪ್ಪ ಅಂದೆ. ಉದ್ದ, ಮಧ್ಯಮ ಅಲೆಯ ಎರಡು ಕೋನ್ ಬೇರೆ ಬೇರೆ ಇರ್ಬೇಕಿತ್ತು, ನಿನ್ನಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಥರ ಆಗಿವೆ, ಒಂದರಲ್ಲಿ ಇನ್ನೊಂದನ್ನ ಕಳೆದ್ರೆ ಸೊನ್ನೆ ಹತ್ರ ಬರುತ್ತೆ. ನೀಲಿ ಕೋನ್‌ನ ಜೀನ್ ಬೇರೆ ಕಡೆ, 7ನೇ ಕ್ರೋಮೋಸೋಮಲ್ಲಿ ಇರೋದ್ರಿಂದ ಅದಕ್ಕೇನೂ ಆಗಿಲ್ಲ, ಆಕಾಶ ನೀಲಿ, ಚೆಂಡು ಹೂವಿನ ಹಳದಿ ನಿಂಗೆ ಸರಿಯಾಗೇ ಕಾಣುತ್ತೆ. ಅವನು ಮೊದಲ ಸಲ ತಲೆ ಎತ್ತಿ "ಹೂಂ, ಅವು ಕಾಣ್ತವೆ" ಅಂದ.

ಆಮೇಲೆ ತಾಯಿ ಕಡೆ ತಿರುಗಿ, ತೌರುಮನೇಲಿ ಯಾರಿಗಾದ್ರೂ ಹಿಂಗಿತ್ತಾ ಅಂತ ಕೇಳ್ದೆ. ಅವರಪ್ಪ ಕುಯ್ಲಲ್ಲಿ ಹಣ್ಣು ಬಿಟ್ಟು ಕಾಯಿ ಕಿತ್ತು ತೋಟದ ರೈಟರ್ ಹತ್ರ ಯಾವಾಗ್ಲೂ ಬೈಸ್ಕೊಳ್ತಿದ್ರಂತೆ. ಅಣ್ಣಂಗೇನೂ ಇಲ್ಲವಲ್ಲ ಅಂದ್ರು. ಉದ್ದ, ಮಧ್ಯಮ ಅಲೆಯ ಕೋನ್‌ಗಳ ಎರಡು ಜೀನ್ ಎಕ್ಸ್ ಕ್ರೋಮೋಸೋಮಲ್ಲಿ ಅಕ್ಕಪಕ್ಕ ಕೂತಿವೆ, ಹೆಚ್ಚುಕಮ್ಮಿ ಅವಳಿಜವಳಿ, ಹಂಗಾಗಿ ಹೆಂಗಸರಲ್ಲಿ ಅಂಡ ತಯಾರಾಗುವಾಗ ಎರಡು ಎಕ್ಸ್ ಜೋಡಿಯಾಗಿ ತುಂಡು ಬದಲಾಯಿಸ್ಕೊಳ್ಳೋ ಹೊತ್ತಲ್ಲಿ ಒಂದರ ಎದುರು ಇನ್ನೊಂದು ಸಾಲು ತಪ್ಪಿ ನಿಲ್ಲೋದುಂಟು. ಆಗ ಒಂದು ಜೀನ್ ಕಳೆದುಹೋಗ್ಬಹುದು, ಇಲ್ಲ ಎರಡೂ ಬೆರೆತು ಒಂದಾಗ್ಬಹುದು. ನಿಮ್ಮನೇಲಿ ಇದು ನಿಮ್ಮಪ್ಪ ಹುಟ್ಟೋಕೆ ಮುಂಚೆನೇ ಆಗಿರೋದು. ಅಪ್ಪ ಗಂಡು ಮಕ್ಕಳಿಗೆ ಕೊಡೋದು ವೈ, ಅದಕ್ಕೇ ನಿಮ್ಮಣ್ಣಂಗೆ ಬರ್ಲಿಲ್ಲ. ಹೆಣ್ಣು ಮಕ್ಕಳಿಗೆ ಅವರ ಒಂದೇ ಎಕ್ಸ್ ಬಂದೇ ಬರುತ್ತೆ, ನಿಮಗೆ ಅಮ್ಮನ ಒಳ್ಳೇ ಎಕ್ಸ್ ಜೊತೇಲಿದೆ ಅಂತ ಬಣ್ಣ ಸರಿ ಕಾಣುತ್ತೆ. ನಿಮ್ಮ ಮಗನಿಗೆ ಹೋಗಿದ್ದು ನಿಮ್ಮಪ್ಪನಿಂದ ಬಂದ ಆ ಎಕ್ಸ್, ಅವನಿಗಿರೋದು ಅದೊಂದೇ. ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಹುಡುಗನಿಗೆ ಕೊಟ್ಟ ಸಲಹೆ ನೇರವಾಗೇ ಇತ್ತು. ಚುಕ್ಕಿ ಪುಸ್ತಕ ಬಾಯಿಪಾಠ ಮಾಡ್ಕೊಂಡು ಮತ್ತೆ ಮೆಡಿಕಲ್‌ಗೆ ಹೋಗೋ ಯೋಚನೆ ಬಿಡು ಅಂದೆ, ರಾತ್ರಿ ಮಂಜಲ್ಲಿ ದೂರದ ಸಿಗ್ನಲ್ ಒಂದು ಚುಕ್ಕಿ ಬೆಳಕು ಅಷ್ಟೇ, ಅಲ್ಲಿ ಬಾಯಿಪಾಠ ಕೈ ಹಿಡಿಯಲ್ಲ, ಹಿಂದೆ ಜನ ಕೂತಿರ್ತಾರೆ. ಆನ್‌ಲೈನಲ್ಲಿ ನೋಡಿಟ್ಟಿದ್ದ ಕನ್ನಡಕಕ್ಕೂ ದುಡ್ಡು ಹಾಕ್ಬೇಡ, ಅದು ಒಂದಷ್ಟು ಬೆಳಕು ತಡೆದು ಕೆಲವರಿಗೆ ವ್ಯತ್ಯಾಸ ಹೆಚ್ಚಿಸ್ಬಹುದು, ಹೊಸ ಕೋನ್ ಕೊಡಲ್ಲ. ಫಿಟ್ಟರ್ ಕೆಲಸಕ್ಕೆ ಅರ್ಜಿ ಹಾಕುವಾಗ ಬಣ್ಣದ ದೃಷ್ಟಿಗೆ ಏನು ನಿಯಮ ಅಂತ ಮೊದಲೇ ಓದು, ವೈರಿಂಗ್ ಮಾಡೋ ಪ್ರಸಂಗ ಬಂದ್ರೆ ಬಣ್ಣ ನಂಬದೆ ಟೆಸ್ಟರ್ ಹಿಡಿ, ತುದಿಗೆ ನಂಬರ್ ಚೀಟಿ ಅಂಟಿಸು.

ತಂಗಿಗೆ ಗಂಡು ನೋಡ್ತಿದಾರೆ, ಅದೂ ಭಯ. ಅವಳು ಇದನ್ನ ಹೊತ್ತಿರೋ ಸಾಧ್ಯತೆ ಅರ್ಧ, ಹೊತ್ತಿದ್ರೆ ಹುಟ್ಟೋ ಪ್ರತಿ ಗಂಡು ಮಗುವಿಗೆ ಬರೋ ಸಾಧ್ಯತೆ ಮತ್ತೆ ಅರ್ಧ. ಅಂದ್ರೆ ಈಗ ಲೆಕ್ಕ ಹಾಕಿದ್ರೆ ಗಂಡು ಮಗುವಿಗೆ ಕಾಲು ಭಾಗ. ಇವನ ಗಂಡು ಮಕ್ಕಳಿಗೆ ಇವನಿಂದ ಬರಲ್ಲ, ಹೆಣ್ಣು ಮಕ್ಕಳೆಲ್ಲ ಹೊತ್ಕೊಂಡಿರ್ತಾರೆ. ಚೀಟೀಲಿ ಗೆರೆ ಎಳೆದು ಬರ್ಕೊಟ್ಟೆ, ಅತ್ತೆಗೂ ತೋರ್ಸಿ ಅಂತ.

ತಾಯಿ ಚೀಟಿ ಮಡಚಿ ಸೆರಗಿನ ತುದಿಗೆ ಗಂಟು ಹಾಕ್ಕೊಂಡ್ರು. ಎದ್ದವರು ಬಾಗಿಲ ಹತ್ರ ನಿಂತು, "ಕಾಯಿ ಯಾಕೆ ಕಿತ್ತೆ ಅಂತ ಅಪ್ಪಂಗೆ ನಾನೂ ಬೈದಿದೀನಿ ಮೇಡಂ" ಅಂದ್ರು.