ಒಂಬತ್ತು ಅಂಕ ಏರಿದೆ, ನೆನಪು ಸುಧಾರಿಸಿದೆಯೇ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ, 46 ವರ್ಷದ ಒಬ್ಬರು ಪತ್ನಿಯೊಂದಿಗೆ ಬಂದಿದ್ದರು. ಕೈಯಲ್ಲಿ ಎರಡು ವರದಿಗಳಿದ್ದವು. ತಲೆಗೆ ಪೆಟ್ಟಾದ ಮೂರು ವಾರಕ್ಕೆ ಮಾಡಿಸಿದ ಪರೀಕ್ಷೆಯಲ್ಲಿ ನೆನಪಿನ ಸೂಚ್ಯಂಕ 88, ನಾಲ್ಕು ತಿಂಗಳ ನಂತರ ಅದೇ ಪರೀಕ್ಷೆಯಲ್ಲಿ 97. ನಡುವೆ ಅವರು ದುಬಾರಿ ನೆನಪಿನ ತರಬೇತಿಯೊಂದನ್ನು ಮುಗಿಸಿದ್ದರು. ಅದರ ಎರಡನೇ ಹಂತಕ್ಕೆ ಹಣ ಕಟ್ಟಬೇಕೇ, ಕಚೇರಿಯ ಪೂರ್ಣ ಹೊಣೆಯನ್ನು ಮತ್ತೆ ವಹಿಸಿಕೊಳ್ಳಬಹುದೇ ಎಂಬುದು ಅವರ ಪ್ರಶ್ನೆ. "ಅಂಕವೇನೋ ಏರಿದೆ ಮೇಡಂ, ಮನೆಯಲ್ಲಿ ನನಗೆ ಅಂಥ ವ್ಯತ್ಯಾಸವೇನೂ ಕಾಣುತ್ತಿಲ್ಲ" ಎಂದರು ಪತ್ನಿ. ಪತಿಗೆ ಆ ಮಾತು ಹಿಡಿಸಲಿಲ್ಲ.

ಎರಡನೇ ಪರೀಕ್ಷೆ ಹೇಗೆ ನಡೆಯಿತು ಎಂದು ವಿಚಾರಿಸಿದೆ. ಪರೀಕ್ಷಕರು ಒಂದು ಸಣ್ಣ ಕಥೆ ಓದಿ, ಕೂಡಲೇ ಅದನ್ನು ಹೇಳಿಸುತ್ತಾರೆ. ಸುಮಾರು ಅರ್ಧ ಗಂಟೆ ಬೇರೆ ಕೆಲಸ ಕೊಟ್ಟು, ಅದೇ ಕಥೆಯನ್ನು ಮತ್ತೆ ಕೇಳುತ್ತಾರೆ. "ಮೊದಲ ಸಲ ಹೀಗೆ ಮತ್ತೆ ಕೇಳುತ್ತಾರೆಂದು ಗೊತ್ತೇ ಇರಲಿಲ್ಲ. ಈ ಸಲ ನಡುವಿನ ಹೊತ್ತಿನಲ್ಲೂ ಮನಸ್ಸಿನಲ್ಲಿ ಕಥೆಯನ್ನು ತಿರುವಿ ಹಾಕುತ್ತಿದ್ದೆ. ಕಥೆಯೂ ಅದೇ ಆಗಿತ್ತಲ್ಲ!" ಎಂದರು ಅವರು. ಅಭ್ಯಾಸದ ಪರಿಣಾಮ ಎನ್ನುವುದು ಇದನ್ನೇ. ಇದರಲ್ಲಿ ಎರಡು ಪಾಲಿದೆ: ಕಥೆಯ ನೆನಪು ಒಂದು, ಪರೀಕ್ಷೆಯ ಪಟ್ಟು ತಿಳಿದಿರುವುದು ಇನ್ನೊಂದು. ಬೇರೆ ಕಥೆಯಿರುವ ಸಮಾನಾಂತರ ಆವೃತ್ತಿ ಬಳಸಿದರೆ ಮೊದಲನೆಯದು ತಗ್ಗುತ್ತದೆ, ಎರಡನೆಯದು ಉಳಿದೇ ಉಳಿಯುತ್ತದೆ.

ಬಳಿಕ ಕಾಗದ ತೆಗೆದುಕೊಂಡು ಲೆಕ್ಕಕ್ಕೆ ಕುಳಿತೆವು. ಲೆಕ್ಕ ಅವರ ಕಸುಬೇ ಆದ್ದರಿಂದ ನನ್ನ ಕೆಲಸ ಹಗುರವಾಯಿತು. ಈ ಸೂಚ್ಯಂಕದ ಸರಾಸರಿ 100; ಜನರ ಅಂಕಗಳು ಅದರ ಸುತ್ತ ಎಷ್ಟು ಹರಡಿವೆ ಎಂದು ಹೇಳುವ ಪ್ರಮಾಣಿತ ವಿಚಲನೆ 15. ಪರೀಕ್ಷೆಯ ಕೈಪಿಡಿಯ ಪ್ರಕಾರ ಮರುಪರೀಕ್ಷೆಯ ವಿಶ್ವಾಸಾರ್ಹತೆ, ಅಂದರೆ ಎರಡು ಸಲದ ಅಂಕಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರ ಅಳತೆ, 0.84. ಆರೋಗ್ಯವಂತರು ಎರಡನೇ ಸಲ ಸರಾಸರಿ 7 ಅಂಕ ಹೆಚ್ಚು ಪಡೆದಿದ್ದಾರೆ. ಒಂದು ಸಲದ ಅಂಕದ ಮಾಪನ ದೋಷವೆಂದರೆ 15 ಅನ್ನು (1 − 0.84)ರ ವರ್ಗಮೂಲದಿಂದ ಗುಣಿಸಿದ್ದು, ಅಂದರೆ 6. ಇಲ್ಲಿ ಎರಡು ಸಲದ ಅಂಕಗಳಿವೆ, ಎರಡರಲ್ಲೂ ದೋಷವಿದೆ. ಹಾಗಾಗಿ ವ್ಯತ್ಯಾಸದ ದೋಷ 6 × √2, ಸುಮಾರು 8.5. ಶೇ. 90ರ ಭರವಸೆ ಬೇಕೆಂದರೆ ಇದನ್ನು 1.645ರಿಂದ ಗುಣಿಸಬೇಕು. ಸುಮಾರು 14 ಬರುತ್ತದೆ.

ಏರಿದ 9ರಲ್ಲಿ ಅಭ್ಯಾಸದ 7 ಕಳೆದರೆ ಉಳಿಯುವುದು 2. ಅದು 14ರ ಹತ್ತಿರಕ್ಕೂ ಬರುವುದಿಲ್ಲ. ಇಷ್ಟೇ ಲೆಕ್ಕದ ಮೇಲೆ "ನಿಜವಾದ ಏರಿಕೆ" ಎನ್ನಬೇಕಿದ್ದರೆ ಎರಡನೇ ಅಂಕ 109 ದಾಟಬೇಕಿತ್ತು.

ಅವರು ಕೂಡಲೇ ಆಕ್ಷೇಪ ಎತ್ತಿದರು: ಆ 7 ಅಂಕ ಕೆಲವೇ ವಾರಗಳ ಅಂತರದಲ್ಲಿ ಸಿಕ್ಕಿದ್ದಲ್ಲವೇ, ನಾಲ್ಕು ತಿಂಗಳಿಗೆ ಅಷ್ಟು ಉಳಿಯುತ್ತದೆಯೇ? ನ್ಯಾಯವಾದ ಪ್ರಶ್ನೆ. ಅಂತರ ಹೆಚ್ಚಿದಂತೆ ಅಭ್ಯಾಸದ ಲಾಭ ಕರಗುತ್ತದೆ. ಪೂರ್ತಿ ಸೊನ್ನೆ ಎಂದೇ ಹಿಡಿದರೂ 9 ಅಂಕ 14ರ ಒಳಗೇ ಇದೆ, ತೀರ್ಪು ಬದಲಾಗದು.

ಇನ್ನೊಂದು ಲೆಕ್ಕ ಅವರನ್ನು ಹೆಚ್ಚು ಯೋಚನೆಗೆ ಹಚ್ಚಿತು. ಸರಾಸರಿಗಿಂತ ಕೆಳಗಿನ ಅಂಕದಲ್ಲಿ ಆ ದಿನದ ದುರದೃಷ್ಟದ ಪಾಲೂ ಇರುವ ಸಾಧ್ಯತೆ ಹೆಚ್ಚು. ಆದ್ದರಿಂದ ಅಂಥ ಅಂಕ ಮರುಪರೀಕ್ಷೆಯಲ್ಲಿ ತಾನಾಗಿಯೇ ಸರಾಸರಿಯತ್ತ ಸರಿಯುತ್ತದೆ. 88 ಎಂಬುದು 100ಕ್ಕಿಂತ 12 ಕಡಿಮೆ. 12ರ 0.84 ಪಾಲು ಸುಮಾರು 10, ಹಾಗಾಗಿ ನಿರೀಕ್ಷೆ 90. ಅಭ್ಯಾಸದ 7 ಸೇರಿಸಿದರೆ 97. ತರಬೇತಿಯೂ ಇಲ್ಲದೆ, ಚೇತರಿಕೆಯೂ ಇಲ್ಲದೆ ಬರಬಹುದಾಗಿದ್ದ ಅಂಕವೇ ಅವರಿಗೆ ಬಂದಿತ್ತು. ಇಷ್ಟು ಕರಾರುವಾಕ್ಕಾಗಿ ಹೊಂದಿದ್ದು ಕಾಕತಾಳೀಯವೇ ಸರಿ, ಎಲ್ಲರ ವಿಷಯದಲ್ಲೂ ಹೀಗಾಗುವುದಿಲ್ಲ.

"ಹಾಗಾದರೆ ನಾನು ಸುಧಾರಿಸಿಲ್ಲವೇ?" ಎಂದರು. ಹಾಗೂ ಹೇಳಲಾಗದು. 14ರ ಒಳಗಿನ ಬದಲಾವಣೆಯನ್ನು ಈ ಪರೀಕ್ಷೆ ಆಕಸ್ಮಿಕ ಏರಿಳಿತದಿಂದ ಬೇರ್ಪಡಿಸಲಾರದು, ಅಷ್ಟೇ. ಸುಧಾರಿಸಿದ್ದರೂ ಶ್ರೇಯಸ್ಸು ತರಬೇತಿಗೇ ಸಲ್ಲುತ್ತದೆ ಎನ್ನಲಾಗದು. ಮೊದಲ ಪರೀಕ್ಷೆಯ ದಿನಗಳಲ್ಲಿ ಅವರಿಗೆ ತಲೆನೋವು, ನಿದ್ರೆ ಸರಿಯಿರಲಿಲ್ಲ. ಸಣ್ಣ ಪೆಟ್ಟುಗಳ ನಂತರ ಮಿದುಳು ಮೊದಲ ತಿಂಗಳುಗಳಲ್ಲಿ ತಾನಾಗಿಯೇ ಚೇತರಿಸಿಕೊಳ್ಳುವುದೂ ಸಾಮಾನ್ಯ.

ಕೊಟ್ಟ ಸಲಹೆ ಹೀಗಿತ್ತು. ಈ 9 ಅಂಕವನ್ನು ನಂಬಿ ಎರಡನೇ ಹಂತಕ್ಕೆ ಹಣ ಕಟ್ಟಬೇಡಿ. ತರಬೇತಿ ಸಂಸ್ಥೆಯವರೇ ತಮ್ಮ ಆಟಗಳಲ್ಲಿ ತೋರಿಸುವ ಏರಿಕೆಯಂತೂ ಬರೀ ಅಭ್ಯಾಸ, ಅದನ್ನು ಸಾಕ್ಷಿ ಎನ್ನಬೇಡಿ. ಕಚೇರಿಯ ಹೊಣೆಯನ್ನು ಕೆಲಸ ನೋಡಿ ನಿರ್ಧರಿಸಿ: ಒಂದೊಂದೇ ಖಾತೆ ವಾಪಸ್ ಪಡೆದು, ತಿಂಗಳ ತಾಳೆಪಟ್ಟಿಗೆ ಹಿಡಿಯುವ ಸಮಯ ಮತ್ತು ಸಹೋದ್ಯೋಗಿ ಕಂಡುಹಿಡಿದ ತಪ್ಪುಗಳನ್ನು ಬರೆದಿಡಿ. ಪತ್ನಿ ಕಂಡಿದ್ದನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಮೂರನೇ ಪರೀಕ್ಷೆ ಬೇಕಿದ್ದರೆ ಒಂದು ವರ್ಷದ ಬಳಿಕ, ಸಮಾನಾಂತರ ಆವೃತ್ತಿಯಲ್ಲಿ, ನಿದ್ರೆ ಸರಿಯಿದ್ದ ದಿನ ಮಾಡಿಸಿ. ಆಗ ಅಂಕ ಇಳಿದರೆ, ಅಥವಾ ಏರದೆ 97ರಲ್ಲೇ ನಿಂತರೂ, ವರದಿಯ ಜೊತೆಗೆ ಈ ಕಾಗದವನ್ನು ನರರೋಗ ತಜ್ಞರಿಗೆ ತೋರಿಸಿ.