ಟಿಬಿ ಮಾತ್ರೆ ಮತ್ತು ಮೂತ್ರದ ಬಣ್ಣ

ಡೊಂಬಿವಲಿಯಲ್ಲಿದ್ದೇವೆ. ಅಪ್ಪನಿಗೆ ಟಿಬಿ ಮಾತ್ರೆ ಶುರುವಾದಾಗಿನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ಬರ್ತಿದೆ. ಮಾತ್ರೆ ನಿಲ್ಲಿಸಬೇಕಾ?

ಅಷ್ಟಕ್ಕೇ ನಿಲ್ಲಿಸಬೇಡಿ. ಅದು ಟಿಬಿ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಎಂಬ ಔಷಧಿಯ ಬಣ್ಣ, ಬೀಟ್‌ರೂಟ್ ತಿಂದಾಗ ಕೆಂಪಾಗುವ ಹಾಗೆ. ಮಾತ್ರೆ ನುಂಗಿದ ಕೆಲವು ಗಂಟೆಗಳಲ್ಲಿ ಗಾಢವಾಗಿದ್ದು, ರಾತ್ರಿ ಹೊತ್ತಿಗೆ ತಿಳಿಯಾಗುತ್ತದೆ. ಬೆವರು, ಕಣ್ಣೀರಿಗೂ ಅದೇ ಛಾಯೆ ಬರಬಹುದು. ಬನಿಯನ್ ಮೇಲೆ ಕಲೆ ಕಂಡರೆ ಗಾಬರಿ ಬೇಡ.

ನಾನು ನಿಜವಾಗಿ ಹೆದರುವುದು ಇನ್ನೊಂದಕ್ಕೆ. ಇದೇ ಮಾತ್ರೆಗಳು, ಅದರಲ್ಲೂ ಜೊತೆಗಿರುವ ಐಸೋನಿಯಾಜಿಡ್ ಮತ್ತು ಪೈರಾಜಿನಮೈಡ್, ಕೆಲವರ ಲಿವರ್‌ಗೆ ಪೆಟ್ಟು ಕೊಡುತ್ತವೆ. ಆಗ ಕಾಮಾಲೆಯಲ್ಲಿ ಹೆಚ್ಚಾಗುವ ಬಿಲಿರುಬಿನ್ ಎಂಬ ಹಳದಿ ವಸ್ತು ಮೂತ್ರಕ್ಕೆ ಇಳಿದು, ಮೂತ್ರ ಹಾಲಿಲ್ಲದ ಚಹಾದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ನೀರು ಚೆನ್ನಾಗಿ ಕುಡಿದರೂ, ಮಾತ್ರೆ ನುಂಗಿ ಎಷ್ಟೇ ಹೊತ್ತಾದರೂ ತಿಳಿಯಾಗುವುದಿಲ್ಲ. ಮೊದಲಿಂದಲೇ ಕಿತ್ತಳೆ ಇರುವುದರಿಂದ ಮನೆಯವರು "ಮಾತ್ರೆಯದ್ದೇ ಬಣ್ಣ" ಅಂದುಕೊಂಡು ಬಿಡುವುದೇ ಇಲ್ಲಿ ಆಗುವ ತಪ್ಪು.

ಹಾಗಾಗಿ ಬಣ್ಣವೊಂದನ್ನೇ ನಂಬಬೇಡಿ. ಬೆಳಿಗ್ಗೆ ಕಿಟಕಿ ಬೆಳಕಿನಲ್ಲಿ ಅಪ್ಪನ ಕಣ್ಣಿನ ಬಿಳಿಭಾಗ ನೋಡಿ. ಅದು ಹಳದಿಯಾಗಿದ್ದರೆ, ಊಟ ಸೇರದೆ ವಾಂತಿಯಾಗುತ್ತಿದ್ದರೆ, ಅಥವಾ ಬಲಪಕ್ಕೆಯ ಕೆಳಗೆ ನೋವಿದ್ದರೆ, ಮುಂದಿನ ಡೋಸ್ ಕೊಡುವ ಮೊದಲೇ, ಅದೇ ದಿನ, ಟಿಬಿ ಕೇಂದ್ರದ ಡಾಕ್ಟರಿಗೆ ತೋರಿಸಿ ಲಿವರ್ ಟೆಸ್ಟ್ ಮಾಡಿಸಿ. ಯಾವ ಮಾತ್ರೆ ನಿಲ್ಲಿಸಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಎಂಬುದನ್ನು ಅವರು ಹೇಳುತ್ತಾರೆ.